ಏನೂ ಕೇಳದ ಎರಡು ಸಾಲು

ಐದನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಹಾಸ್ಟೆಲಿನಲ್ಲಿ ಇಂಟರ್ನ್‌ಶಿಪ್ ಜ್ವರ ಶುರುವಾಗಿತ್ತು. ನಾನೂ ಫೋನ್ ತೆಗೆದು, ಬೆಂಗಳೂರಿನಲ್ಲಿ ಕೆಲಸ ಮಾಡುವ ಒಬ್ಬ ಸೀನಿಯರ್ ಅಣ್ಣನಿಗೆ ವಾಟ್ಸ್‌ಆ್ಯಪ್ ಮಾಡಿದೆ. ‘ಹಾಯ್ ಅಣ್ಣ, ಹೇಗಿದ್ದೀರಿ? ನಿಮ್ಮ ಕಂಪನಿಯಲ್ಲಿ ಇಂಟರ್ನ್‌ಶಿಪ್ ಏನಾದ್ರೂ ಇದೆಯಾ?’ ಕಳಿಸಿದ ಮೇಲೆ ಕಣ್ಣು ಅದರ ಮೇಲಿದ್ದ ಹಳೆಯ ಮೆಸೇಜಿನ ಮೇಲೆ ಬಿತ್ತು. ಅದೂ ನನ್ನದೇ. ‘ಅಣ್ಣ, ಸೆಕೆಂಡ್ ಸೆಮ್ ನೋಟ್ಸ್ ಇದ್ರೆ ಕಳಿಸಿ ಪ್ಲೀಸ್.’ ಅವರು ಅವತ್ತೇ ಐದು ಪಿಡಿಎಫ್ ಕಳಿಸಿದ್ದರು. ನಾನು ಒಂದು ಥ್ಯಾಂಕ್ಸ್ ಕೂಡ ಹಾಕಿರಲಿಲ್ಲ.

ಎರಡು ಮೆಸೇಜುಗಳ ನಡುವೆ ಒಂದೂವರೆ ವರ್ಷ. ಆ ಅವಧಿಯಲ್ಲಿ ಅವರು ಕಂಪನಿ ಬದಲಿಸಿದ್ದರು, ಮದುವೆಯಾಗಿದ್ದರು. ಮದುವೆಯ ಸ್ಟೇಟಸ್ ನಾನು ನೋಡಿದ್ದೆ, ನೋಡಿ ಮುಂದಕ್ಕೆ ಸರಿಸಿದ್ದೆ. ಈಗ ನನ್ನ ಮೆಸೇಜಿಗೆ ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಸಿಟ್ಟು ಬರಬೇಕಿತ್ತು, ನಾಚಿಕೆಯಾಯಿತು.

ರೂಮಿನ ಉಳಿದ ಮೂವರ ಸ್ಥಿತಿಯೂ ನನ್ನದೇ ಆಗಿತ್ತು. ಆಗ ಒಂದು ವಿಷಯ ಹೊಳೆಯಿತು. ನಾವು ನಾಲ್ವರೂ ಒಂದೇ ಕ್ಲಾಸು, ಒಂದೇ ಪ್ಲೇಸ್‌ಮೆಂಟ್ ಗ್ರೂಪು, ಒಂದೇ ಮೆಸ್ಸು. ಯಾವುದಾದರೂ ಅವಕಾಶದ ಸುದ್ದಿ ನನಗೆ ಬಂದಿದ್ದರೆ ಹತ್ತು ನಿಮಿಷದಲ್ಲಿ ಅವರಿಗೂ ಬಂದಿರುತ್ತದೆ. ಅವರಿಗೆ ಗೊತ್ತಿಲ್ಲದ್ದು ನನಗೂ ಗೊತ್ತಿರುವುದಿಲ್ಲ. ನನಗಾಗಿ ಪ್ರಾಣ ಕೊಡುವ ಗೆಳೆಯರೇ ಹೌದು. ಆದರೆ ಹೊಸ ಸುದ್ದಿ ಕೊಡಲು ಅವರ ಬಳಿ ಇರುವುದಿಲ್ಲ.

ಇದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ಬರೆದಿದ್ದಾರೆ. ಅವರ ಪ್ರಬಂಧದ ಹೆಸರಿನ ಅರ್ಥ ‘ದುರ್ಬಲ ಸಂಬಂಧಗಳ ಬಲ’. ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನಲ್ಲಿ, ಆಗಷ್ಟೇ ಕೆಲಸ ಬದಲಿಸಿದ್ದವರನ್ನು ಅವರು ಮಾತನಾಡಿಸಿದ್ದರು. ಪರಿಚಯಸ್ಥರ ಮೂಲಕ ಕೆಲಸ ಸಿಕ್ಕಿದವರಿಗೆ, ‘ಆ ಪರಿಚಯಸ್ಥರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಎಂದು ಕೇಳಿದರು. ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಎಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಎಂದವರು ಶೇ 27.8. ಕೇಳಿದ್ದು ಕೆಲವೇ ಹತ್ತಾರು ಜನರನ್ನು. ಆದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಗಮನಿಸಿ, ಇದೇ ಮಾತಿಗೆ ಒಂದು ತಿದ್ದುಪಡಿ ಸೇರಿಸಿತು. ಇಬ್ಬರಿಗೂ ಗೊತ್ತಿರುವ ಸ್ನೇಹಿತರ ಲೆಕ್ಕದಲ್ಲಿ ನೋಡಿದರೆ, ಹೊಸ ಕೆಲಸಕ್ಕೆ ಹೆಚ್ಚು ನೆರವಾಗುವುದು ತೀರಾ ಹತ್ತಿರದವರೂ ಅಲ್ಲ, ತೀರಾ ದೂರದವರೂ ಅಲ್ಲ, ನಡುವಿನವರು.

ನನಗೆ ತಟ್ಟಿದ್ದು ಆ ‘ನಡುವಿನವರು’ ಎಂಬ ಮಾತು. ಸೀನಿಯರ್ ಅಣ್ಣ ನನಗೆ ನಡುವಿನವರೇ ಆಗಿದ್ದರು. ಒಂದೂವರೆ ವರ್ಷದ ಮೌನದಿಂದ ನಾನೇ ಅವರನ್ನು ತೀರಾ ದೂರದವರನ್ನಾಗಿ ಮಾಡಿಕೊಂಡಿದ್ದೆ.

ಆ ಭಾನುವಾರ ಒಂದು ನೋಟ್‌ಬುಕ್ ತೆಗೆದು ಹೆಸರು ಬರೆಯುತ್ತಾ ಹೋದೆ. ದಿನಾ ಮಾತಾಡುವವರನ್ನು ಬಿಟ್ಟೆ. ದಾರಿಯಲ್ಲಿ ಸಿಕ್ಕರೆ ನಿಂತು ಎರಡು ನಿಮಿಷ ಮಾತಾಡುವಷ್ಟು ಪರಿಚಯ ಇರುವವರನ್ನು ಮಾತ್ರ ಬರೆದೆ. ಪಿಯುಸಿಯಲ್ಲಿ ಫಿಸಿಕ್ಸ್ ಹೇಳಿಕೊಟ್ಟ ಮೇಡಂ, ವರ್ಕ್‌ಶಾಪಿನಲ್ಲಿ ಪರಿಚಯವಾದ ಬೇರೆ ಕಾಲೇಜಿನ ಹುಡುಗಿ, ಬೇರೆ ಊರಿಗೆ ಹೋದ ಲ್ಯಾಬ್ ಇನ್‌ಸ್ಟ್ರಕ್ಟರ್, ಹತ್ತನೇ ಕ್ಲಾಸಿನ ನಂತರ ಡಿಪ್ಲೊಮಾ ಮಾಡಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಗೆಳೆಯ. ಒಟ್ಟು 22 ಹೆಸರು ಆಯಿತು. ಪ್ರತಿ ಹೆಸರಿನ ಮುಂದೆ, ಕೊನೆಯ ಸಲ ಮಾತಾಡಿದ್ದು ಯಾವಾಗ ಎಂದು ಬರೆದೆ. ಹದಿನಾರು ಜನರ ಮುಂದೆ ಒಂದು ವರ್ಷಕ್ಕಿಂತ ಹಳೆಯ ತಾರೀಖು ಬಂತು.

ನಿಯಮ ಸರಳವಾಗಿಟ್ಟೆ. ಭಾನುವಾರ ಅರ್ಧ ಗಂಟೆ, ಇಬ್ಬರಿಗೆ ಮಾತ್ರ. ಹಾಗೆ ಮಾಡಿದರೆ 22 ಜನರನ್ನು ಒಂದು ಸುತ್ತು ಮುಗಿಸಲು 11 ವಾರ ಬೇಕು. ಅಂದರೆ ಒಬ್ಬರಿಗೆ ಸುಮಾರು ಎರಡೂವರೆ ತಿಂಗಳಿಗೊಂದು ಮೆಸೇಜು. ಅದಕ್ಕಿಂತ ಹೆಚ್ಚಾದರೆ ಅವರಿಗೂ ಕಿರಿಕಿರಿ, ನನಗೂ ಹೊರೆ. ಯಾರಿಗಾದರೂ ಒಳ್ಳೆಯದಾಗಿದ್ದರೆ ಅಭಿನಂದನೆ. ಇಲ್ಲವಾದರೆ ಅವರಿಗೆ ಉಪಯೋಗವಾಗುವ ಒಂದು ಲೇಖನವೋ ವಿಡಿಯೊವೋ. ಎರಡೂ ಇಲ್ಲದಿದ್ದರೆ ಸುಮ್ಮನಿರುವುದು. ಬರೀ ‘ಗುಡ್ ಮಾರ್ನಿಂಗ್’ ಹೂವಿನ ಚಿತ್ರ ಕಳಿಸುವ ಹಾಗಿಲ್ಲ, ಏಕೆಂದರೆ ಅದು ನೂರು ಜನರಿಗೆ ಕಳಿಸಿದ್ದು ಎಂದು ನೋಡಿದ ತಕ್ಷಣ ಗೊತ್ತಾಗುತ್ತದೆ.

ಮೊದಲ ವಾರವೇ ಎಡವಿದೆ. ಲಿಂಕ್ಡ್‌ಇನ್ ಒಬ್ಬರ ಹೆಸರು ತೋರಿಸಿ, ಕಂಪನಿಯಲ್ಲಿ ಮೂರು ವರ್ಷ ಪೂರೈಸಿದ್ದಾರೆ, ಅಭಿನಂದಿಸಿ ಎಂದಿತು. ಕೆಳಗೆ ಸಿದ್ಧ ವಾಕ್ಯದ ಬಟನ್ ಇತ್ತು, ಒತ್ತಿಬಿಟ್ಟೆ. ಸಂಜೆ ಉತ್ತರ ಬಂತು: ‘ಥ್ಯಾಂಕ್ಸ್. ಆದರೆ ಹೋದ ತಿಂಗಳೇ ನನ್ನನ್ನು ಕೆಲಸದಿಂದ ತೆಗೆದರು. ಪ್ರೊಫೈಲ್ ಬದಲಾಯಿಸಿಲ್ಲ.’ ಗಾಯದ ಮೇಲೆ ಉಪ್ಪು ಸವರಿದ ಹಾಗಾಗಿತ್ತು. ಕ್ಷಮೆ ಕೇಳಿದೆ. ಅಂದಿನಿಂದ ಆ ಬಟನ್ ಮುಟ್ಟಿಲ್ಲ. ವರ್ಷ ತುಂಬಿದ್ದನ್ನು ಆ್ಯಪ್ ತಾನೇ ಲೆಕ್ಕ ಹಾಕಿ ಹೇಳುತ್ತದೆ. ಆ ವ್ಯಕ್ತಿ ತಾನೇ ಬರೆದು ಹಂಚಿಕೊಂಡ ಸುದ್ದಿಗೆ ಮಾತ್ರ ಅಭಿನಂದಿಸಬೇಕು ಎಂದು ಕಲಿತೆ.

ಎರಡನೆಯ ಪಾಠ, ‘ಕಂಗ್ರಾಟ್ಸ್’ ಎಂಬ ಒಂದೇ ಪದಕ್ಕೆ ‘ಥ್ಯಾಂಕ್ಸ್’ ಎಂಬ ಒಂದೇ ಪದ ವಾಪಸ್ ಬರುತ್ತದೆ ಎಂಬುದು. ಅದರಲ್ಲಿ ಅವರಿಗೂ ನನ್ನ ನೆನಪಿಲ್ಲ, ನನಗೂ ಅವರ ನೆನಪಿಲ್ಲ. ಫಿಸಿಕ್ಸ್ ಮೇಡಂ ಪಿಎಚ್‌ಡಿ ಮುಗಿಸಿದ್ದು ತಿಳಿದಾಗ ಹೀಗೆ ಬರೆದೆ: ‘ಮೇಡಂ, ಪಿಎಚ್‌ಡಿ ಆಗಿದ್ದು ತಿಳಿದು ತುಂಬಾ ಖುಷಿಯಾಯಿತು. ನೀವು ಬಳೆ ಮತ್ತು ಆಯಸ್ಕಾಂತ ಹಿಡಿದು ಲೆಂಜ್ ನಿಯಮ ತೋರಿಸಿದ್ದು ಈಗಲೂ ಮಷೀನ್ಸ್ ಕ್ಲಾಸಿನಲ್ಲಿ ನೆನಪಾಗುತ್ತದೆ. ಬಿಡುವಿಲ್ಲದಿದ್ದರೆ ಉತ್ತರ ಬರೆಯಬೇಡಿ.’ ಅಭಿನಂದನೆ ಒಂದು ಸಾಲು, ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ನೆನಪು ಇನ್ನೊಂದು ಸಾಲು. ಕೊನೆಯ ಮಾತು ಅವರ ಹೆಗಲ ಮೇಲಿನ ಭಾರ ಇಳಿಸಲು. ಉತ್ತರ ಬೇಡ ಎಂದಿದ್ದಕ್ಕೋ ಏನೋ, ಅವರು ಉದ್ದದ ಉತ್ತರ ಬರೆದರು.

ಲೇಖನ ಹಂಚುವಾಗಲೂ ಹೀಗೆಯೇ. ಬರೀ ಲಿಂಕ್ ಕಳಿಸಿದರೆ ಅದು ಅವರಿಗೆ ಹಚ್ಚಿದ ಹೋಮ್‌ವರ್ಕ್. ‘ಇದರ ಈ ಭಾಗ ನಿನಗೆ ಬೇಕಾಗಬಹುದು’ ಎಂದು ಬೆರಳಿಟ್ಟು ತೋರಿಸಿದರೆ ಅದು ಉಪಕಾರ. ಪೀಣ್ಯದ ಗೆಳೆಯ ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಸಣ್ಣ ಘಟಕದಲ್ಲಿದ್ದಾನೆ. ಒಂದು ದಿನ ಸುಟ್ಟ ಮೋಟರಿನ ಫೋಟೊ ಸ್ಟೇಟಸ್ ಹಾಕಿ, ‘ಎರಡನೇ ಸಲ. ರಿಲೇ ಟ್ರಿಪ್ಪೇ ಆಗ್ಲಿಲ್ಲ’ ಎಂದು ಬರೆದಿದ್ದ. ನಮಗೆ ಆ ವಾರವಷ್ಟೇ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಪಾಠ ಆಗಿತ್ತು. ಡೆಲ್ಟಾದಲ್ಲಿ ಮೋಟರಿನ ಒಂದೊಂದು ವೈಂಡಿಂಗಿನಲ್ಲಿ ಹರಿಯುವ ಕರೆಂಟು ಲೈನ್ ಕರೆಂಟಿನ ಸುಮಾರು 0.58 ಪಾಲು ಮಾತ್ರ. ಓವರ್‌ಲೋಡ್ ರಿಲೇಯನ್ನು ಆ ವೈಂಡಿಂಗಿನ ದಾರಿಯಲ್ಲೇ ಕೂರಿಸಿದ್ದರೆ, ಮೋಟರಿನ ನೇಮ್‌ಪ್ಲೇಟಿನಲ್ಲಿರುವ 28 ಆಂಪಿಯರಿಗೆ ಅದನ್ನು ಇಡುವಂತಿಲ್ಲ, 16ರ ಆಸುಪಾಸಿಗೆ ಇಡಬೇಕು. 28ಕ್ಕೆ ಇಟ್ಟರೆ ಮೋಟರಿಗೆ ಒಂದೂವರೆ ಪಟ್ಟು ಹೊರೆ ಬಿದ್ದರೂ ರಿಲೇ ಸುಮ್ಮನಿರುತ್ತದೆ. ಒಂದು ಮ್ಯಾನ್ಯುಯಲ್‌ನಲ್ಲಿ ಅದರ ಚಿತ್ರವಿದ್ದ ಪುಟವನ್ನು ಹುಡುಕಿ ಕಳಿಸಿದೆ. ‘ಮಗಾ, ರಿಲೇ ಎಲ್ಲಿ ಕೂರಿಸಿದ್ದೀರ ನೋಡು. ಈ ಪುಟದ ಕೆಳಗಿನ ಚಿತ್ರದ ತರ ಇದ್ರೆ ಸೆಟ್ಟಿಂಗ್ 28 ಅಲ್ಲ, 16.’ ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಅವನು ಒಂದು ಹೆಬ್ಬೆರಳು ಹಾಕಿ ಸುಮ್ಮನಾದ.

ಐದು ತಿಂಗಳಾದ ಮೇಲೆ ಅವನಿಂದಲೇ ಫೋನ್ ಬಂತು. ‘ಲೋ, ನಮ್ ಓನರ್ ರಜೆಯಲ್ಲಿ ಇಬ್ರು ಎಲೆಕ್ಟ್ರಿಕಲ್ ಹುಡುಗ್ರನ್ನ ಇಟ್ಕೊಳೋಣ ಅಂತಿದ್ದಾರೆ. ಎಲ್ಲೂ ಹಾಕಿಲ್ಲ. ರಿಲೇ ಹೇಳಿದ ಹುಡುಗ ಇದ್ದಾನೆ ಅಂದೆ. ಬರ್ತೀಯಾ?’ ನಾನು ಮತ್ತು ರೂಮ್‌ಮೇಟ್ ಹೋದೆವು. ತಿಂಗಳಿಗೆ ಆರು ಸಾವಿರ ಕೊಟ್ಟರು, ದಿನವಿಡೀ ಪ್ಯಾನೆಲ್ ವೈರಿಂಗ್ ಮಾಡಿಸಿದರು. ಆ ಕೆಲಸ ನಮ್ಮ ಪ್ಲೇಸ್‌ಮೆಂಟ್ ಗ್ರೂಪಿಗೆ ಎಂದೂ ಬರುತ್ತಿರಲಿಲ್ಲ. ನಮ್ಮ ಗುಂಪಿನಿಂದ ಹೊರಗೆ ಚಾಚಿದ ಒಂದು ಎಳೆ ಮಾತ್ರ ಅದನ್ನು ತಂದಿತ್ತು.

ರೂಮ್‌ಮೇಟ್ ಒಂದು ಪ್ರಶ್ನೆ ಕೇಳಿದ: ‘ಹಾಗಾದ್ರೆ ಇದು ಒಂಥರಾ ಗಾಳ ಹಾಕೋದು ಅಲ್ವಾ?’ ಈ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಗೆಳೆಯನಿಗೆ ಆ ಪುಟ ಕಳಿಸುವಾಗ ನನಗೆ ಇಂಟರ್ನ್‌ಶಿಪ್ ನೆನಪಿರಲಿಲ್ಲ, ನಿಜ. ಆದರೆ ಪಟ್ಟಿ ಶುರು ಮಾಡಿದ್ದು ಇಂಟರ್ನ್‌ಶಿಪ್ ಸಿಗದಿದ್ದಕ್ಕೇ. ಹಾಗಾಗಿ ಎರಡು ಗೆರೆ ಎಳೆದುಕೊಂಡೆ. ಅಭಿನಂದಿಸಿದ ಮೆಸೇಜಿನಲ್ಲೇ ಏನನ್ನೂ ಕೇಳುವುದಿಲ್ಲ, ಅದರ ಬೆನ್ನಲ್ಲೇ ಮುಂದಿನ ವಾರವೂ ಕೇಳುವುದಿಲ್ಲ. ಕೇಳಲೇಬೇಕಾದಾಗ ಸುತ್ತಿ ಬಳಸದೆ, ‘ಅಣ್ಣ, ಒಂದು ಸಹಾಯ ಬೇಕಿತ್ತು’ ಎಂದೇ ಶುರು ಮಾಡುತ್ತೇನೆ. ಇನ್ನೊಂದು, ಯಾರಿಗೆ ಒಳ್ಳೆಯದಾದರೆ ನನಗೆ ನಿಜವಾಗಿ ಖುಷಿಯಾಗುವುದಿಲ್ಲವೋ ಅವರ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇನೆ. ಹೀಗೆ ಮೂರು ಹೆಸರು ಹೋದವು. ಎರಡು ಸಲ ಬರೆದರೂ ಉತ್ತರ ಕೊಡದ ಐವರಿಗೆ ಬರೆಯುವುದನ್ನು ನಿಲ್ಲಿಸಿದೆ. ಅವರು ನನ್ನಿಂದ ದೂರ ಇರಲು ಬಯಸಿದ್ದರೆ ಅದೂ ಅವರ ಹಕ್ಕು. ಈಗ ಪಟ್ಟಿಯಲ್ಲಿ ಹದಿನಾಲ್ಕು ಜನರಿದ್ದಾರೆ.

ಕೊನೆಗೆ ಉಳಿದಿದ್ದು ಆ ಸೀನಿಯರ್ ಅಣ್ಣ. ಅವರ ಹೆಸರು ಪಟ್ಟಿಯಲ್ಲಿದ್ದರೂ ಧೈರ್ಯ ಸಾಲದೆ ಪ್ರತಿ ಸುತ್ತಿನಲ್ಲೂ ದಾಟಿಸುತ್ತಾ ಬಂದಿದ್ದೆ. ಹೋದ ತಿಂಗಳು ಅವರು ಮಗಳು ಹುಟ್ಟಿದ ಸುದ್ದಿ ಸ್ಟೇಟಸ್ ಹಾಕಿದರು. ಅರ್ಧ ಗಂಟೆ ಬರೆದು ಅಳಿಸಿ, ಕೊನೆಗೆ ಕಳಿಸಿದೆ: ‘ಅಣ್ಣ, ಮಗಳು ಹುಟ್ಟಿದ್ದು ನೋಡಿ ತುಂಬಾ ಸಂತೋಷ ಆಯ್ತು. ಅತ್ತಿಗೆಗೂ ಹೇಳಿ. ಸೆಕೆಂಡ್ ಸೆಮ್‌ನಲ್ಲಿ ನೀವು ಕಳಿಸಿದ ನೋಟ್ಸಿಂದಲೇ ನಾನು ಪಾಸಾಗಿದ್ದು. ಆಗ ಥ್ಯಾಂಕ್ಸ್ ಹೇಳಲಿಲ್ಲ, ಈಗ ಹೇಳ್ತಿದ್ದೀನಿ.’

ಉತ್ತರ ಬಂತು. ‘ಥ್ಯಾಂಕ್ಸ್. ಏನಾದ್ರೂ ಬೇಕಿತ್ತಾ?’

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಅವರಿಗೆ ಆ ಅಭ್ಯಾಸ ಮಾಡಿಸಿದ್ದು. ‘ಇಲ್ಲಣ್ಣ, ಏನೂ ಬೇಡ’ ಎಂದು ಬರೆದೆ. ಮತ್ತೆ ಎರಡು ನೀಲಿ ಗೆರೆ, ಮತ್ತೆ ಮೌನ. ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ಫೋನ್ ಸದ್ದಾಯಿತು. ಒಂದು ಫೋಟೊ ಬಂದಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಮುಖ, ಕೆಳಗೆ ಒಂದು ಸಾಲು: ‘ಸ್ಟೇಟಸ್‌ನಲ್ಲಿ ಇದನ್ನ ಹಾಕಿರಲಿಲ್ಲ.’