ಇಪ್ಪತ್ತಾರು ಅಂದರೆ ಯಾವ ಇಪ್ಪತ್ತಾರು?

ಹೋದ ಮಳೆಗಾಲದಲ್ಲಿ ಒಂದು ದಿನ ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಬಂದ. ಸೈಕಲ್ ತಳ್ಳಿಕೊಂಡು ಬಂದಿದ್ದ. ಮೊಣಕಾಲು ಕೆತ್ತಿತ್ತು. ಹಿಂದಿನ ಗಾಲಿಯ ಟಯರ್ ಒಂದು ಕಡೆ ರಿಮ್ ಬಿಟ್ಟು ಹೊರಗೆ ಜೋತುಬಿದ್ದಿತ್ತು.

"ಏನಾತೋ?" ಅಂತ ಕೇಳಿದೆ.

"ಹೊಸಾ ಟಯರ್ ರೀ ಸರ್. ನಿನ್ನೆ ಸಂಜಿಗೆ ಮಿರಜಿನ್ಯಾಗ ತಂದು ಅಪ್ಪಾನ ಹಾಕಿದ್ರು. ಇವತ್ತ ಗಾಳಿ ಬಿಗಿ ಹೊಡಸ್ಕೊಂಡು ಬರೂ ಮುಂದ ಢಬ್ ಅಂತ ಟ್ಯೂಬ್ ಒಡೀತ್ರಿ."

ಟಯರ್ ನೋಡಿದೆ. ಎಲ್ಲೂ ಹರಿದಿರಲಿಲ್ಲ, ರಬ್ಬರಿನ ಹೊಸ ವಾಸನೆ ಇನ್ನೂ ಹೋಗಿರಲಿಲ್ಲ. ಅಂಗಡಿಯಲ್ಲಿ ಏನಂತ ಕೇಳಿದಿರಿ ಅಂದರೆ, "ಸವ್ವೀಸ್‌ಚಾ ಟಾಯರ್ ಅಂತ ಕೇಳೀವ್ರಿ" ಅಂದ. ಸವ್ವೀಸ್ ಅಂದರೆ ಮರಾಠಿಯಲ್ಲಿ ಇಪ್ಪತ್ತಾರು. ಅವರು ಕೇಳಿದ್ದೂ ಇಪ್ಪತ್ತಾರು, ಅಂಗಡಿಯವರು ಕೊಟ್ಟದ್ದೂ ಇಪ್ಪತ್ತಾರು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ಟಯರ್ ಆ ರಿಮ್‌ಗೆ ಸೇರಿದ್ದಲ್ಲ.

ಇದು ಅರ್ಥವಾಗಬೇಕಾದರೆ ಟಯರು ರಿಮ್ಮನ್ನು ಎಲ್ಲಿ ಹಿಡಿದುಕೊಳ್ಳುತ್ತದೆ ಅಂತ ಮೊದಲು ನೋಡಬೇಕು. ಹಳೆಯ ಟಯರ್ ಒಂದರ ಅಂಚನ್ನು ಬೆರಳಲ್ಲಿ ಒತ್ತಿ ನೋಡಿ. ಎರಡೂ ಅಂಚಿನೊಳಗೆ ಗಟ್ಟಿಯಾದ ಉಕ್ಕಿನ ತಂತಿಯ ಬಳೆ ಇರುತ್ತದೆ. ಈ ಅಂಚಿಗೆ ಬೀಡ್ ಎನ್ನುತ್ತಾರೆ. ಟಯರಿನ ರಬ್ಬರು ಹಿಗ್ಗಬಹುದು, ಈ ತಂತಿ ಹಿಗ್ಗುವುದಿಲ್ಲ. ರಿಮ್‌ನ ಒಳಗೆ, ಎರಡೂ ಬದಿಯ ಗೋಡೆಗಳ ಬುಡದಲ್ಲಿ, ಈ ಅಂಚು ಕೂರುವುದಕ್ಕೆ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಬಳೆಯ ವ್ಯಾಸವೂ ಮೆಟ್ಟಿಲಿನ ವ್ಯಾಸವೂ ಒಂದೇ ಇದ್ದರೆ ಟಯರ್ ಕೂರುತ್ತದೆ, ಇಲ್ಲದಿದ್ದರೆ ಇಲ್ಲ.

ನಿಮ್ಮಲ್ಲಿ ಜಾಣರು ಇಲ್ಲೊಂದು ಪ್ರಶ್ನೆ ಕೇಳುತ್ತೀರಿ: ತಂತಿ ಹಿಗ್ಗದಿದ್ದರೆ ಅದು ರಿಮ್‌ನ ಎತ್ತರದ ಗೋಡೆ ದಾಟಿ ಒಳಗೆ ಹೋಗುವುದಾದರೂ ಹೇಗೆ? ರಿಮ್‌ನ ನಟ್ಟನಡುವೆ ಕಾಲುವೆಯಂಥ ತಗ್ಗು ಇರುತ್ತದೆ, ಕಡ್ಡಿಗಳ ತಲೆ ಕಾಣುವ ಜಾಗ. ಟಯರಿನ ಅಂಚನ್ನು ಒಂದು ಕಡೆ ಆ ತಗ್ಗಿಗೆ ಇಳಿಸಿದರೆ ಎದುರು ಕಡೆ ಅಷ್ಟು ಸಡಿಲ ಸಿಗುತ್ತದೆ, ಅಲ್ಲಿ ಗೋಡೆ ದಾಟಿಸಬಹುದು. ಪಂಚರ್ ಅಂಗಡಿಯವರು ಟಯರನ್ನು ಸುತ್ತಲೂ ಹಿಚುಕಿ ನಡುವಿಗೆ ತಳ್ಳುವುದು ಇದಕ್ಕೇ. ಗಾಳಿ ತುಂಬಿದಾಗ ಟ್ಯೂಬು ಎರಡೂ ಅಂಚುಗಳನ್ನು ತಗ್ಗಿನಿಂದ ಮೇಲೆತ್ತಿ ಮೆಟ್ಟಿಲ ಮೇಲೆ ಕೂರಿಸುತ್ತದೆ.

ಈಗ ಹೆಸರಿನ ಕಥೆ. ಗಾಳಿ ತುಂಬುವ ಟಯರಿಗೆ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದರು. (ನಮ್ಮ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದೂ 1888ರಲ್ಲೇ ಎನ್ನುತ್ತಾರೆ. ಪಂಪು, ನೇಗಿಲು ಎಲ್ಲಾ ಆಮೇಲಿನದು.) ಆ ಹಳೆಯ ಕಾಲದಲ್ಲಿ ಟಯರಿನ ಅಳತೆ ಅಂದರೆ ಗಾಳಿ ತುಂಬಿದ ಮೇಲೆ ಅದರ ಹೊರಗಿನ ವ್ಯಾಸ. ಇಪ್ಪತ್ತಾರು ಇಂಚು ಅಂದರೆ ನೆಲ ಮುಟ್ಟುವ ಅಂಚಿನಿಂದ ಎದುರಿನ ಅಂಚಿಗೆ 26 ಇಂಚು, ಅಂದರೆ ಸುಮಾರು 660 ಮಿಲಿಮೀಟರ್.

ತೊಡಕು ಇಲ್ಲೇ ಇದೆ. ಹೊರಗಿನ ವ್ಯಾಸ 660 ಅಂತ ಮೊದಲೇ ತೀರ್ಮಾನಿಸಿದರೆ, ಟಯರ್ ದಪ್ಪವಾದಷ್ಟೂ ಅದರೊಳಗಿನ ರಿಮ್ ಚಿಕ್ಕದಾಗಬೇಕಾಗುತ್ತದೆ. ಲೆಕ್ಕ ಮಾಡಿ ನೋಡಿ. 26×1⅜ ಟಯರಿನ ದಪ್ಪ 1⅜ ಇಂಚು, ಅಂದರೆ ಸುಮಾರು 35 ಮಿ.ಮೀ. ಮೇಲೊಂದು ಕೆಳಗೊಂದು, ಎರಡು ಸೇರಿ 70. 660ರಲ್ಲಿ 70 ಕಳೆದರೆ 590. ಇನ್ನು 26×1½ ಟಯರಿನ ದಪ್ಪ 38 ಮಿ.ಮೀ., ಎರಡು ಸೇರಿ 76. 660ರಲ್ಲಿ 76 ಹೋದರೆ 584. ಈ 590 ಮತ್ತು 584 ಅನ್ನುವವೇ ಆ ಎರಡು ಟಯರುಗಳ ತಂತಿಬಳೆಯ ವ್ಯಾಸಗಳು. ಹೆಸರು ಎರಡಕ್ಕೂ ಇಪ್ಪತ್ತಾರು, ರಿಮ್ ಮಾತ್ರ ಬೇರೆ ಬೇರೆ. ಗುಡ್ಡ ಹತ್ತುವ ದಪ್ಪ ಟಯರಿನ ಸೈಕಲ್‌ಗಳಲ್ಲಿ 26×1.95, 26×2.10 ಅಂತ ಬರೆದಿರುತ್ತದಲ್ಲ, ಅವುಗಳ ಬಳೆ ಇನ್ನೂ ಚಿಕ್ಕದು, 559.

ಹೊರಗಿನ ವ್ಯಾಸ ತಿಳಿದು ನಮಗೆ ಆಗುವುದಾದರೂ ಏನು? ಟಯರ್ ಕೂರುವುದು ಒಳಗಡೆ! ಅದಕ್ಕೇ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 5775 ಎಂಬ ಮಾನಕದಲ್ಲಿ ಬೇರೆ ರೀತಿಯ ಬರಹವನ್ನು ಇಟ್ಟಿತು. ಮೊದಲು ಟಯರಿನ ಅಗಲ, ನಡುವೆ ಗೆರೆ, ಆಮೇಲೆ ಬೀಡ್ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 37-590 ಅಂದರೆ 37 ಮಿ.ಮೀ. ಅಗಲ, 590 ವ್ಯಾಸ. 40-584 ಅಂದರೆ 40 ಅಗಲ, 584 ವ್ಯಾಸ. ಇಂಚಿನ ಲೆಕ್ಕದಲ್ಲಿ 35 ಬಂದದ್ದು ಇಲ್ಲಿ 37 ಹೇಗಾಯಿತು ಅಂತ ಕೇಳಬೇಡಿ. ಇಂಚಿನ ಹೆಸರು ಹಳೆಯ ಒರಟು ಹೆಸರು. ಊರಿನ ಹಳೆಯ ಹೆಸರು ಹಾಗೇ ಉಳಿದು ಊರು ಮಾತ್ರ ಬೆಳೆದ ಹಾಗೆ.

ನಮ್ಮ ಹುಡುಗನ ಸೈಕಲ್ಲಿಗೆ ಬರೋಣ. ಹೊಸ ಟಯರಿನ ಪಕ್ಕದಲ್ಲಿ, ಬಣ್ಣದ ಅಕ್ಷರಗಳ ಕೆಳಗೆ, ರಬ್ಬರಿನಲ್ಲೇ ಉಬ್ಬಿದ ಸಣ್ಣ ಅಕ್ಷರಗಳಲ್ಲಿ 37-590 ಅಂತ ಇತ್ತು. ಹಳೆಯ ಟಯರ್ ಸವೆದು ಬೋಳಾಗಿ ಅದರ ಮೇಲಿನ ಬರಹ ಹೋಗಿತ್ತು. ರಿಮ್ ಮೇಲೆ ಇದ್ದ ಮುದ್ರೆಯೂ ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಹಾಗಾದರೆ ಅಳೆಯಲೇಬೇಕು.

ಪಟ್ಟಿ ಹಿಡಿದು ನೇರವಾಗಿ ಅಡ್ಡ ಅಳೆಯಲು ಹೋದರೆ ನಡುವೆ ಹಬ್ ಅಡ್ಡ ಬರುತ್ತದೆ, ಎರಡು ಮೂರು ಮಿಲಿಮೀಟರ್ ತಪ್ಪು ಸುಲಭವಾಗಿ ಆಗುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ 6 ಮಿಲಿಮೀಟರ್. ಅದಕ್ಕೆ ಪರಿಧಿಯನ್ನು ಅಳೆದೆವು. ವ್ಯಾಸದಲ್ಲಿ 6 ಮಿ.ಮೀ. ಫರಕು ಇದ್ದರೆ ಪರಿಧಿಯಲ್ಲಿ ಅದು 3.14 ಪಟ್ಟು, ಅಂದರೆ ಸುಮಾರು 19 ಮಿ.ಮೀ. ಆಗಿ ಕಾಣುತ್ತದೆ. ಟಯರ್, ಟ್ಯೂಬ್ ತೆಗೆದು, ಗೋಡೆಯ ಬುಡದ ಮೆಟ್ಟಿಲ ಮೇಲೆ ಹೊಲಿಗೆ ದಾರವನ್ನು ಸುತ್ತಲೂ ಹಾಸಿದೆವು. ದಾರ ನಡುವಿನ ತಗ್ಗಿಗೆ ಜಾರದ ಹಾಗೆ ಗೇಣಿಗೊಂದು ಕಡೆ ಸಣ್ಣ ಟೇಪಿನ ತುಂಡು ಅಂಟಿಸಿದೆವು. ದಾರದ ಎರಡೂ ತುದಿ ಸೇರುವಲ್ಲಿ ಪೆನ್ನಿನಿಂದ ಗುರುತು ಮಾಡಿ, ಬಿಚ್ಚಿ, ಎಳೆಯದೆ ನೆಟ್ಟಗೆ ಇಟ್ಟು ಅಳೆದರೆ 1836 ಮಿ.ಮೀ. ಬಂತು. 3.14ರಿಂದ ಭಾಗಿಸಿದರೆ ಸುಮಾರು 585. 590ರ ರಿಮ್ ಆಗಿದ್ದರೆ ದಾರ 1853ರ ಆಸುಪಾಸು ಬರಬೇಕಿತ್ತು. ಅನುಮಾನ ಉಳಿಯಲಿಲ್ಲ: ರಿಮ್ 584, ಟಯರ್ 590.

ಬರೀ 6 ಮಿಲಿಮೀಟರಿಗೆ ಇಷ್ಟೊಂದು ರಂಪವೇ? ಹೌದು. ಬಳೆ ಸಡಿಲವಾದಾಗ ಅದು ಸುತ್ತಲೂ ಸಮನಾಗಿ ಮೂರು ಮೂರು ಮಿಲಿಮೀಟರ್ ಬಿಟ್ಟುಕೊಂಡು ನಿಲ್ಲುವುದಿಲ್ಲ. ಒಂದು ಕಡೆ ಮೆಟ್ಟಿಲಿಗೆ ಅಂಟಿ, ಎದುರು ಕಡೆ ಪೂರಾ ಆರು ಮಿಲಿಮೀಟರ್ ಮೇಲೇಳುತ್ತದೆ. ರಿಮ್‌ನ ಗೋಡೆಯ ಎತ್ತರವೂ ಹೆಚ್ಚೂಕಡಿಮೆ ಅಷ್ಟೇ. ಅಂದರೆ ಅಲ್ಲಿ ತಂತಿಯನ್ನು ತಡೆಯುವ ಗೋಡೆಯೇ ಉಳಿಯಲಿಲ್ಲ.

ತಳ್ಳುವ ಬಲವೂ ಸಣ್ಣದಲ್ಲ. ಒಂದು ಒರಟು ಲೆಕ್ಕ ನೋಡಿ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 3.5 ಕಿಲೋ (ಪಂಪಿನ ಮುಳ್ಳಿನಲ್ಲಿ 50) ಅಂತ ಇಟ್ಟುಕೊಳ್ಳಿ, ರಿಮ್‌ನ ಒಳ ಅಗಲ 2 ಸೆಂ.ಮೀ. ಆಗ ರಿಮ್‌ನ ಪ್ರತಿ ಸೆಂಟಿಮೀಟರ್ ಉದ್ದಕ್ಕೂ ಟಯರನ್ನು ಹೊರಕ್ಕೆ ನೂಕುವ ಬಲ 7 ಕಿಲೋ ತೂಕದಷ್ಟು. ಎರಡು ಅಂಚು ಹಂಚಿಕೊಂಡರೆ ಒಂದೊಂದಕ್ಕೆ 3.5 ಕಿಲೋ. ಅದನ್ನು ಗಾಲಿಯ ತ್ರಿಜ್ಯ, ಸುಮಾರು 29 ಸೆಂ.ಮೀ.ನಿಂದ ಗುಣಿಸಿದರೆ ತಂತಿಯೊಳಗಿನ ಎಳೆತ ಸಿಗುತ್ತದೆ: ನೂರು ಕಿಲೋ ಹತ್ತಿರ. ಸರಿಯಾಗಿ ಕೂತ ಉಕ್ಕಿನ ತಂತಿ ಇದನ್ನು ಸುಮ್ಮನೆ ತಾಳಿಕೊಳ್ಳುತ್ತದೆ. ಗೋಡೆ ಹತ್ತಿದ ತಂತಿ ಹೊರಗೆ ಜಾರುತ್ತದೆ, ಅದರ ಹಿಂದೆ ಟ್ಯೂಬು ಉಬ್ಬಿ ಹೊರಬಂದು ಒಡೆಯುತ್ತದೆ. ಗಾಳಿ ಕಡಿಮೆ ಇದ್ದಾಗ ರಾತ್ರಿಯೆಲ್ಲ ತೆಪ್ಪಗಿದ್ದ ಟಯರು ಬೆಳಿಗ್ಗೆ ಬಿಗಿ ಗಾಳಿಗೆ ಹೊರಬಿದ್ದದ್ದು ಇದಕ್ಕೇ. ಹಿಂದಿನ ಗಾಲಿ ಆದ್ದರಿಂದ ಮೊಣಕಾಲಿಗೆ ಮುಗಿಯಿತು. ಮುಂದಿನದಾಗಿದ್ದರೆ ಹ್ಯಾಂಡಲ್ ಕೈಗೆ ಸಿಗುತ್ತಿರಲಿಲ್ಲ.

ಹಾಕುವಾಗಲೇ ಗೊತ್ತಾಗುತ್ತಿರಲಿಲ್ಲವೇ? ಗೊತ್ತಾಗುತ್ತಿತ್ತು. "ಟಯರ್ ಭಾಳ ಹಗೂರ ಕೂತ್ತರೀ, ಅಪ್ಪಾ ಕೈಲೇನ ಹಾಕಿದ್ರು" ಅಂದ ಹುಡುಗ. ಹೊಸ ತಂತಿ ಟಯರ್ ಒಂಚೂರೂ ಬಿಗಿಯಿಲ್ಲದೆ ಬಳೆ ತೊಟ್ಟ ಹಾಗೆ ಹೋಗಿಬಿಟ್ಟರೆ ಅನುಮಾನಪಡಬೇಕು. ಇನ್ನೊಂದು ಗುರುತು: ಟಯರಿನ ಪಕ್ಕದಲ್ಲಿ ರಿಮ್ ಹತ್ತಿರ ಸುತ್ತಲೂ ಒಂದು ತೆಳು ಗೆರೆ ಇರುತ್ತದೆ. ಅರ್ಧ ಗಾಳಿ ತುಂಬಿ ಗಾಲಿ ತಿರುಗಿಸಿದಾಗ ಆ ಗೆರೆ ರಿಮ್‌ನಿಂದ ಎಲ್ಲ ಕಡೆ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಮೇಲೆದ್ದು ಕಂಡರೆ ಗಾಳಿ ಬಿಟ್ಟು ಮತ್ತೆ ಕೂರಿಸಿ. ಆಗಲೂ ಹಾಗೇ ಆದರೆ ಸಂಖ್ಯೆ ನೋಡಿ. ತಪ್ಪು ತಿರುಗುಮುರುಗಾಗಿ, 590ರ ರಿಮ್‌ಗೆ 584ರ ಟಯರ್ ತಂದರೆ ಕೈಯಿಂದ ಹೋಗುವುದೇ ಇಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಟ್ಯೂಬಿಗೆ ತೂತು, ತಂತಿಯೂ ಮುರಿಯಬಹುದು.

ಅಂಗಡಿಯವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಟ್ಯೂಬು ಹಿಗ್ಗುವ ರಬ್ಬರು. ಅಗಲ ಹೊಂದಿದರೆ ಇಪ್ಪತ್ತಾರರ ಒಂದೇ ಟ್ಯೂಬು 559, 584, 590 ಮೂರಕ್ಕೂ ನಡೆಯುತ್ತದೆ. ದಿನಾ ಇಪ್ಪತ್ತಾರು ಅಂತ ಟ್ಯೂಬು ಕೊಟ್ಟು ರೂಢಿಯಾದ ಕೈ ಟಯರನ್ನೂ ಹಾಗೇ ಕೊಡುತ್ತದೆ. ಟಯರಿನ ಅಗಲದಲ್ಲೂ ಸ್ವಲ್ಪ ಸಡಿಲವಿದೆ, ಮಡ್‌ಗಾರ್ಡಿಗೆ ತಾಗದಿದ್ದರೆ 37ರ ಬದಲು 40 ಸಾಮಾನ್ಯವಾಗಿ ನಡೆದೀತು. ಸಡಿಲ ಇಲ್ಲದ್ದು ಗೆರೆಯ ಆಚೆಗಿನ ಸಂಖ್ಯೆಗೆ ಮಾತ್ರ.

ಇಪ್ಪತ್ತೆಂಟರಲ್ಲೂ ಇದೇ ಗೋಳು. ಹಾಲಿನ ಕ್ಯಾನ್ ಹೊರುವ ದೊಡ್ಡ ಕರಿ ಸೈಕಲ್ಲಿನ 28×1½ ಟಯರಿನ ಬಳೆ 635. ಈಗಿನ ಹೊಸ ಸೈಕಲ್‌ಗಳ 700×35ಸಿ ಟಯರಿಗೂ ಇಪ್ಪತ್ತೆಂಟು ಅನ್ನುತ್ತಾರೆ, ಅದರ ಬಳೆ 622. ಗಣಿತದ ಮೇಷ್ಟ್ರಿಗೆ ಸಿಟ್ಟು ತರಿಸುವ ಇನ್ನೊಂದು ಉದಾಹರಣೆ ಹೇಳುತ್ತೇನೆ: 1¾ ಮತ್ತು 1.75 ಸಮ, ಅಲ್ಲವೇ? ಟಯರಿನಲ್ಲಿ ಅಲ್ಲ. 26×1¾ ಅಂದರೆ 571, 26×1.75 ಅಂದರೆ 559. ಮೊದಲನೆಯದು ನಮ್ಮ ಕಡೆ ಕಾಣುವುದು ಅಪರೂಪ, ಆದರೆ ಭಿನ್ನರಾಶಿಯಲ್ಲಿ ಬರೆದ ಟಯರಿನ ಬದಲು ದಶಮಾಂಶದ್ದು ತರಬಾರದು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

ಸಂಜೆ ಹುಡುಗನೂ ಅವನ ಅಪ್ಪನೂ ಅದೇ ಅಂಗಡಿಗೆ ಹೋದರು. ನಾನೂ ಜೊತೆಗೆ ಹೋದೆ. ಈ ಸಲ ಚೀಟಿಯಲ್ಲಿ 40-584 ಅಂತ ಬರೆದುಕೊಂಡಿದ್ದೆವು. ಅಂಗಡಿಯವರು ಮೊದಲು "ಸವ್ವೀಸಚ್ ನಾ?" ಅಂದರು. ಆಮೇಲೆ ಚೀಟಿ ನೋಡಿ, ತೂಗುಹಾಕಿದ ಟಯರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಉಬ್ಬಕ್ಷರ ಓದತೊಡಗಿದರು. ಮೊದಲಿನದು 590, ಎರಡನೆಯದು 559. ಮೂರನೆಯದರಲ್ಲಿ 584 ಸಿಕ್ಕಿತು. ಹಳೆಯದನ್ನು ವಾಪಸು ತೆಗೆದುಕೊಂಡರು, ಒಡೆದ ಟ್ಯೂಬಿನ ದುಡ್ಡು ಮಾತ್ರ ನಮ್ಮದೇ ಹೋಯಿತು. ಟಯರನ್ನು ಅಲ್ಲೇ ಹಾಕಿಸಿದೆವು. ಕೊನೆಯ ಗೇಣಿನಷ್ಟು ಅಂಚು ಗೋಡೆ ದಾಟುವಾಗ ಅಂಗಡಿಯ ಹುಡುಗ ಹಲ್ಲು ಕಚ್ಚಿ ಹೆಬ್ಬೆರಳಿನಿಂದ ಒತ್ತಬೇಕಾಯಿತು.