ಸುರಂಗದೊಳಗೆ ಕುಂಞಿ: ಒಂದು ಫೋಟೋ, ಆರು ಪುಟದ ಕಥೆ

ಚಿಕ್ಕಬಾಣಾವರ ಜಂಕ್ಷನ್‌ನಲ್ಲಿ ಹಳಿ ಎರಡಾಗುತ್ತದೆ. ಒಂದು ತುಮಕೂರಿನ ಕಡೆಗೆ, ಇನ್ನೊಂದು ನೆಲಮಂಗಲ, ಕುಣಿಗಲ್ ದಾಟಿ ಹಾಸನಕ್ಕೆ. ಹಾಸನದ ಕಡೆ ಹೋಗುವ ಹಳಿಯೇ ನಮ್ಮ ಕರಾವಳಿಯವರಿಗೆ ಊರಿನ ಹಾದಿ. ಆ ಹಳಿಯ ಸದ್ದು ಕೇಳುವಷ್ಟು ಹತ್ತಿರದ ಒಂದು ಬಾಡಿಗೆ ಮನೆಗೆ ನಾವು ಹೋಗಿದ್ದೆವು. ಉಪ್ಪನಿಗೆ ಪೀಣ್ಯದಲ್ಲಿ ಕೆಲಸ, ಉಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಆರು ವರ್ಷದ ಒಬ್ಬಳು ಮಗಳು. ಹೆಸರು ಬೇಡ. ಕಥೆಯಲ್ಲಿ ಅವಳು ಕುಂಞಿ, ಇಲ್ಲೂ ಹಾಗೇ ಇರಲಿ.

ಕುಂಞಿಗೆ ರೈಲೆಂದರೆ ಜೀವ. ಆದರೆ ಸುರಂಗವೆಂದರೆ ಆಗದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ತನಕ ಘಾಟಿಯಲ್ಲಿ 57 ಸುರಂಗಗಳಿವೆ. ಕಳೆದ ಸಲ ಪುತ್ತೂರಿಗೆ ಅಜ್ಜಿ ಮನೆಗೆ ಹೋಗುವಾಗ ಒಂದರ ನಡುವೆ ಎಚ್ಚರವಾಗಿ ಅತ್ತವಳು ಇಳಿಯುವ ತನಕ ಸುಮ್ಮನಾಗಲಿಲ್ಲವಂತೆ. ಮುಂದಿನ ತಿಂಗಳು ಮತ್ತೆ ಹೋಗಬೇಕು, ಅಜ್ಜಿಗೆ ಹುಷಾರಿಲ್ಲ. ‘ಅವಳದ್ದೇ ಒಂದು ಕಥೆ ಮಾಡಿ ದಿನಾ ಮಲಗುವಾಗ ಓದಿದರೆ ಹೇಗೆ?’ ಅಂತ ಉಮ್ಮ ಕೇಳಿದರು. ಮೊಬೈಲಿನಲ್ಲಿ ಮಗುವಿನ ಫೋಟೋ ಕೊಟ್ಟರೆ ಚಿತ್ರ ಬರೆದುಕೊಡುವ ಎಐ ಆ್ಯಪ್‌ಗಳು ಇವೆಯಲ್ಲ, ಅವುಗಳಿಂದ. ನಾವೂ ಜೊತೆಗೆ ಕೂತೆವು.

ಇದು ಹೊಸ ವಿದ್ಯೆಯೇನೂ ಅಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಅಮ್ಮಾರ್ ರೇಶಿ ಎಂಬ ವಿನ್ಯಾಸಕ ವಾರಾಂತ್ಯವೊಂದರಲ್ಲಿ ಚಾಟ್‌ಜಿಪಿಟಿ ಮತ್ತು ಮಿಡ್‌ಜರ್ನಿ ಬಳಸಿ ಮಕ್ಕಳ ಪುಸ್ತಕ ಮಾಡಿದ್ದರು. ಕಲಾವಿದರು ಸಿಟ್ಟಾದರು, ಪುಟದಿಂದ ಪುಟಕ್ಕೆ ಹುಡುಗಿ ಬೇರೆ ಬೇರೆ ಕಾಣುತ್ತಾಳೆ ಎಂಬ ಟೀಕೆಯೂ ಬಂತು. 2025ರ ಆಗಸ್ಟ್‌ನಲ್ಲಿ ಗೂಗಲ್‌ನ ಜೆಮಿನಿ ಒಂದೇ ಸಲಕ್ಕೆ 10 ಪುಟದ ಚಿತ್ರಕಥೆ ಕೊಡುವ ‘ಸ್ಟೋರಿಬುಕ್’ ಸೌಲಭ್ಯ ತಂತು. ಅದು ಸುಲಭ, ಒಪ್ಪಿಕೊಳ್ಳೋಣ. ಆದರೆ ಕಥೆಯನ್ನೂ ಅದೇ ಬರೆಯುತ್ತದೆ, ಅದಕ್ಕೆ ಕುಂಞಿಯ ಸುರಂಗ ಗೊತ್ತಿಲ್ಲ. ಹಾಗಾಗಿ ಕಥೆ ಉಮ್ಮನದ್ದು, ಚಿತ್ರ ಮಾತ್ರ ಯಂತ್ರದ್ದು ಎಂದು ನಿರ್ಧಾರವಾಯಿತು.

ಮೊದಲ ಕೆಲಸ ಫೋಟೋ. ಉಮ್ಮ ಮೊಬೈಲಿನಲ್ಲಿ ಹುಡುಕಿ ತೆಗೆದದ್ದು ಶಾಲೆಯ ವಾರ್ಷಿಕೋತ್ಸವದ್ದು: ಪೌಡರ್ ಬಳಿದ ಮುಖ, ಎದೆಯ ಮೇಲೆ ಶಾಲೆಯ ಬ್ಯಾಡ್ಜ್, ಹಿಂದೆ ಬೇರೆಯವರ ಮಕ್ಕಳು. ಅದು ಬೇಡ ಅಂದೆವು. ಕಿಟಕಿಯ ಪಕ್ಕ ನಿಲ್ಲಿಸಿ, ಫ್ಲ್ಯಾಶ್ ಇಲ್ಲದೆ, ಬೋಳು ಗೋಡೆಯ ಮುಂದೆ ಎರಡು ಫೋಟೋ ತೆಗೆದೆವು. ಒಂದು ನೇರ ಮುಖ, ಇನ್ನೊಂದು ಸ್ವಲ್ಪ ಪಕ್ಕಕ್ಕೆ ತಿರುಗಿದ್ದು. ನಗು ಬೇಡ, ಸುಮ್ಮನೆ ಇರುವ ಮುಖ ಸಾಕು. ನಗುವ ಫೋಟೋ ಕೊಟ್ಟರೆ ನಿದ್ದೆ ಮಾಡುವ ಚಿತ್ರದಲ್ಲೂ ಮಗು ಹಲ್ಲು ಕಿರಿಯುತ್ತದೆ. ಫೋಟೋದ ಬೆಳಕು, ಬಟ್ಟೆ, ಮುಖಭಾವ ಎಲ್ಲವೂ ಚಿತ್ರದೊಳಗೆ ನುಸುಳುತ್ತವೆ.

ಆ ಫೋಟೋ ಎಲ್ಲಿಗೆ ಹೋಗುತ್ತದೆ ಎಂದು ಉಪ್ಪ ಕೇಳಿದರು. ಕೇಳಬೇಕಾದ್ದೇ. ಇಂಟರ್ನೆಟ್ಟಿನಿಂದ ಸಂಗ್ರಹಿಸಿದ, ಇಂಥ ಯಂತ್ರಗಳಿಗೆ ಕಲಿಸಲು ಬಳಸಿದ ಲಯಾನ್-5ಬಿ ಎಂಬ ಚಿತ್ರಭಂಡಾರದಲ್ಲಿ ಬ್ರೆಜಿಲ್‌ನ ಮಕ್ಕಳ ಕುಟುಂಬದ ಫೋಟೋಗಳು ಇದ್ದುದನ್ನು 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪತ್ತೆಮಾಡಿತ್ತು. ಚಾಟ್‌ಜಿಪಿಟಿಯಲ್ಲಾದರೆ ಸೆಟ್ಟಿಂಗ್ಸ್‌ನ `Data Controls` ಒಳಗೆ `Improve the model for everyone` ಎಂಬ ಸ್ವಿಚ್ ಇದೆ. ಅದನ್ನು ಮೊದಲೇ ಆಫ್ ಮಾಡಿದೆವು. ಮೊಬೈಲ್ ಫೋಟೋದೊಳಗೆ ಎಲ್ಲಿ ತೆಗೆದದ್ದು ಎಂಬ ಸ್ಥಳದ ಗುರುತೂ ಅಡಗಿರಬಹುದು. ಅದಕ್ಕೆ ಫೋಟೋದ ಬದಲು ಅದರ ಸ್ಕ್ರೀನ್‌ಶಾಟ್ ಕೊಟ್ಟೆವು. ಮಗುವಿನ ನಿಜ ಹೆಸರು ಎಲ್ಲೂ ಬರೆಯಲಿಲ್ಲ. ಇಷ್ಟು ಮಾಡಿದರೂ ಫೋಟೋ ನಮ್ಮ ಕೈ ದಾಟಿದ್ದು ದಾಟಿದ್ದೇ. ಅದಕ್ಕೇ ಅದನ್ನು ಒಂದೇ ಸಲ ಕೊಡುವ ದಾರಿ ಹಿಡಿದೆವು.

ಆ ದಾರಿ ಹೀಗೆ. ಫೋಟೋ ಕೊಟ್ಟು ನೇರವಾಗಿ ರೈಲಿನ ಚಿತ್ರ ಕೇಳಬಾರದು. ಮೊದಲು ಮಗುವಿನ ‘ಗುರುತಿನ ಹಾಳೆ’ ಬರೆಸಬೇಕು. ಅದೇ ಮಗು ಬಣ್ಣದ ಚಿತ್ರವಾಗಿ, ಬಿಳಿ ಹಿನ್ನೆಲೆಯಲ್ಲಿ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಆಮೇಲೆ ಪ್ರತಿ ಪುಟಕ್ಕೂ ಆಧಾರ ಆ ಹಾಳೆ, ಫೋಟೋ ಅಲ್ಲ. ನಮ್ಮ ಮೊದಲ ಸೂಚನೆ ಇದು:

‘ಫೋಟೋದಲ್ಲಿರುವ ಮಗುವನ್ನು ಮೃದುವಾದ ಜಲವರ್ಣದ ಮಕ್ಕಳ ಪುಸ್ತಕದ ಚಿತ್ರವಾಗಿ ಬರೆಯಿರಿ. ಒಂದೇ ಹಾಳೆಯಲ್ಲಿ ಮೂರು ಸಲ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಪೂರ್ತಿ ದೇಹ, ಬಿಳಿ ಹಿನ್ನೆಲೆ, ಶಾಂತ ಮುಖ.’

ಬಂದ ಚಿತ್ರ ಚಂದವೇ ಇತ್ತು. ಕುಂಞಿಯನ್ನು ಕರೆದು ತೋರಿಸಿದೆವು. ಅವಳು ಸ್ವಲ್ಪ ಹೊತ್ತು ನೋಡಿ, ತನ್ನ ಕೈಯನ್ನು ಮೊಬೈಲಿನ ಪಕ್ಕ ಹಿಡಿದು, ‘ಇದು ನಾನಲ್ಲ, ಇವಳು ಬಿಳಿ ಉಂಟು’ ಅಂದಳು. ಉಮ್ಮ ಏನೂ ಮಾತಾಡಲಿಲ್ಲ. ಯಂತ್ರ ಕೇಳದೆಯೇ ಮಗುವಿನ ಬಣ್ಣ ತೆಳು ಮಾಡಿತ್ತು, ಬಿದ್ದ ಹಲ್ಲಿನ ಜಾಗದಲ್ಲಿ ಹಲ್ಲು ಕೂರಿಸಿತ್ತು, ಗಲ್ಲದ ಮಚ್ಚೆ ತೆಗೆದಿತ್ತು. ಇದು ಅಪರೂಪವಲ್ಲ. ‘ಚಂದದ ಮಗು’ ಎಂದರೆ ಏನು ಎಂದು ಅದು ಕಲಿತದ್ದು ಬೇರೆಯವರ ಚಿತ್ರಗಳಿಂದ. ಹೇಳದೆ ಬಿಟ್ಟದ್ದನ್ನೆಲ್ಲ ಅದು ತನ್ನ ರೂಢಿಯಿಂದ ತುಂಬಿಕೊಳ್ಳುತ್ತದೆ. ಹಾಗಾಗಿ ಫೋಟೋ ಇದ್ದರೂ ಮಾತಿನಲ್ಲಿ ಹೇಳಲೇಬೇಕು. ನಾವು ಒಂದು ಖಾಯಂ ವಾಕ್ಯ ಕಟ್ಟಿದೆವು:

‘ಆರು ವರ್ಷದ ಹುಡುಗಿ, ಫೋಟೋದಲ್ಲಿರುವಷ್ಟೇ ಗಾಢ ಕಂದು ಮೈಬಣ್ಣ, ದುಂಡು ಮುಖ, ಅವಳ ಎಡಗಲ್ಲದ ಮೇಲೆ ಚಿಕ್ಕ ಮಚ್ಚೆ, ಮೇಲಿನ ಸಾಲಿನ ನಡುವೆ ಒಂದು ಹಲ್ಲು ಬಿದ್ದ ಜಾಗ, ಭುಜದ ತನಕ ಗುಂಗುರು ಕಪ್ಪು ಕೂದಲು, ಬಲಗಡೆ ಕೆಂಪು ಕ್ಲಿಪ್, ಮೊಣಕಾಲಿನ ಕೆಳಗೆ ಇಳಿಯುವ ಹಸಿರು ಫ್ರಾಕ್, ಅದರ ಮೇಲೆ ಮೂರು ಬಿಳಿ ಗುಂಡಿ.’

ಎರಡನೇ ಹಾಳೆಗೆ ಕುಂಞಿ ತಲೆಯಾಡಿಸಿದಳು. ಈ ವಾಕ್ಯವನ್ನು ಆರೂ ಪುಟಗಳಿಗೆ ಅಕ್ಷರ ಬದಲಿಸದೆ ಅಂಟಿಸಿದೆವು. ಒಂದು ಕಡೆ ‘ಹಸಿರು ಫ್ರಾಕ್’, ಇನ್ನೊಂದು ಕಡೆ ‘ಹಸಿರು ಬಟ್ಟೆ’ ಅಂದರೆ ಅದು ಬೇರೆ ಉಡುಪು ಹೊಲಿದುಬಿಡುತ್ತದೆ. ಗುಂಡಿ, ಕ್ಲಿಪ್, ಮಚ್ಚೆ ಬೇಕೆಂದೇ ಹಾಕಿದ್ದು. ಹೊಸ ಚಿತ್ರ ಬಂದಾಗ ಮುಖ ಹೋಲುತ್ತದೋ ಇಲ್ಲವೋ ಎಂದು ವಾದ ಮಾಡುವ ಬದಲು ಈ ಮೂರನ್ನು ಎಣಿಸಿದರೆ ಸಾಕು. ಮಚ್ಚೆಯೂ ಕ್ಲಿಪ್ಪೂ ಬದಿ ಬದಲಿಸಿದ್ದರೆ ಚಿತ್ರ ಕನ್ನಡಿಯಂತೆ ತಿರುಗಿದೆ ಅಂತ ಅರ್ಥ.

ಕಥೆಯನ್ನು ಉಮ್ಮ ಮೊದಲು ಬಾಯಲ್ಲೇ ಹೇಳಿದರು, ನಾವು ಬರೆದುಕೊಂಡೆವು. ಮಲಗುವ ಕಥೆಗೆ ಒಂದು ಲೆಕ್ಕ ಇದೆ: ಓಟ ಮೊದಲಲ್ಲಿ, ನಿಧಾನ ಕೊನೆಯಲ್ಲಿ. ಬೆಳಕೂ ಹಾಗೇ ಇಳಿಯಬೇಕು. ಮೊದಲ ಪುಟಕ್ಕೆ ಸಂಜೆಯ ಹೊಂಬಣ್ಣ, ಎರಡಕ್ಕೆ ಸ್ಟೇಷನ್ನಿನ ಬಿಳಿ ದೀಪ, ಮೂರಕ್ಕೆ ಬೋಗಿಯ ನೀಲಿ ನೈಟ್ ಲ್ಯಾಂಪ್, ಆಮೇಲೆ ಕತ್ತಲೆ. ಒಂದೊಂದು ಪುಟಕ್ಕೆ ನಾಲ್ಕೈದು ಸಾಲಿಗಿಂತ ಹೆಚ್ಚಿಲ್ಲ. ನಾಲ್ಕನೇ ಪುಟ, ಅಂದರೆ ಮೊದಲ ಸುರಂಗ, ಹೀಗಿದೆ:

‘ಒಮ್ಮೆಲೇ ಕಿಟಕಿ ಕಪ್ಪಾಯಿತು. ಗಡಗಡ ಸದ್ದು ದೊಡ್ಡದಾಯಿತು. ಕುಂಞಿ ಉಮ್ಮನ ಕೈ ಹಿಡಿದಳು. ಉಮ್ಮ ಕಿವಿಯಲ್ಲಿ ಹೇಳಿದರು: ಗುಡ್ಡಕ್ಕೆ ಗೊತ್ತು, ರೈಲಿಗೆ ಚಳಿಯಾಗಿದೆ ಅಂತ. ಅದಕ್ಕೇ ಕಂಬಳಿ ಹೊದೆಸಿದೆ. ಎಣಿಸು, ಎಷ್ಟು ಕಂಬಳಿ?’

ಇದರ ಚಿತ್ರಕ್ಕೆ ‘ಹೆದರಿದ ಮಗು, ಕತ್ತಲೆ ಸುರಂಗ’ ಎಂದು ಬರೆದಿದ್ದೆವು. ಬಂದದ್ದು ಭೂತದ ಸಿನಿಮಾದ ಪೋಸ್ಟರ್. ಇದನ್ನು ತೋರಿಸಿದ್ದರೆ ಪುತ್ತೂರೂ ಇಲ್ಲ, ಅಜ್ಜಿಯೂ ಇಲ್ಲ! ಭಾವನೆಯ ಹೆಸರು ಹೇಳಿದರೆ ಯಂತ್ರ ಅದನ್ನು ಎರಡು ಪಟ್ಟು ಮಾಡಿ ತೋರಿಸುತ್ತದೆ. ಹೆದರಿಕೆ ಕಥೆಯ ಮಾತಿನಲ್ಲಿರಲಿ, ಚಿತ್ರಕ್ಕೆ ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳಿ. ತಿದ್ದಿದ ಸೂಚನೆ ಹೀಗಾಯಿತು (ಖಾಯಂ ವಾಕ್ಯದ ನಂತರ):

‘ಭಾರತೀಯ ರೈಲಿನ ಸ್ಲೀಪರ್ ಬೋಗಿ, ನೀಲಿ ಸೀಟು. ಹುಡುಗಿ ಕೆಳಗಿನ ಬರ್ತ್‌ನಲ್ಲಿ ಕೂತು ಎರಡೂ ಕೈಯಿಂದ ಪಕ್ಕದ ಹೆಂಗಸಿನ ಕೈ ಹಿಡಿದಿದ್ದಾಳೆ, ಬಾಯಿ ಮುಚ್ಚಿದೆ, ಕಣ್ಣು ಕಿಟಕಿಯ ಕಡೆ. ಹೆಂಗಸಿನ ತೋಳು ಮಾತ್ರ ಕಾಣುತ್ತದೆ. ಕಿಟಕಿಯ ಹೊರಗೆ ಒಂದೇ ಸಮನಾದ ಕಪ್ಪು. ಒಳಗೆ ಮೆತ್ತನೆಯ ನೀಲಿ ಬೆಳಕು. ಹತ್ತಿರದ ನೋಟ.’

ಐದನೇ ಪುಟ ನಮ್ಮನ್ನು ಸತಾಯಿಸಿತು. ಕಿಟಕಿ ಗಾಜಿನಲ್ಲಿ ಕುಂಞಿ ತನ್ನ ಪ್ರತಿಬಿಂಬ ನೋಡುವುದು ಉಮ್ಮನ ಆಸೆ. ಮೂರು ಸಲ ಕೇಳಿದೆವು, ಮೂರೂ ಸಲ ರೈಲಿನ ಹೊರಗೆ ಇನ್ನೊಬ್ಬ ಹುಡುಗಿ ಕೂತಿದ್ದಳು, ಅದೂ ಬೇರೆ ಮುಖದವಳು. ಕೊನೆಗೆ ಪ್ರತಿಬಿಂಬ ಬಿಟ್ಟು, ಎಣಿಸುವ ಬೆರಳುಗಳನ್ನು ಕೇಳಿದೆವು. (ಬೆರಳು ಐದೇ ಇವೆಯಾ ಎಂದು ನೋಡಲು ಮರೆಯಬೇಡಿ.) ಈ ಹೊತ್ತಿಗೆ ಇನ್ನೊಂದು ತಪ್ಪೂ ಗೊತ್ತಾಯಿತು. ನಾಲ್ಕನೇ ಪುಟದ ಚಿತ್ರ ಚಂದ ಬಂತೆಂದು ಅದನ್ನೇ ಆಧಾರವಾಗಿ ಕೊಟ್ಟು ಐದನೆಯದನ್ನು ಕೇಳಿದ್ದೆವು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಮುಖ ಮಸುಕಾಗಿ, ಮೂರು ಗುಂಡಿ ನಾಲ್ಕಾಗಿತ್ತು. ಪ್ರತಿ ಸಲವೂ ಹೊಸ ಚಾಟ್ ತೆರೆದು ಗುರುತಿನ ಹಾಳೆಯಿಂದಲೇ ಶುರು ಮಾಡಿದ ಮೇಲೆ ಸರಿಹೋಯಿತು.

ಆರನೇ ಪುಟದಲ್ಲಿ ಪುತ್ತೂರು ಬರುತ್ತದೆ. ಇನ್ನೂ ಬೆಳಕು ಹರಿದಿಲ್ಲ, ಅಜ್ಜಿ ಮನೆಯ ಚಾಪೆಯ ಮೇಲೆ ಕುಂಞಿ ಉಳಿದ ನಿದ್ದೆ ಮಾಡುತ್ತಾಳೆ. ಇಲ್ಲಿ ಅಜ್ಜಿ ಹೇಗಿರಬೇಕು? ‘ಭಾರತದ ಅಜ್ಜಿ’ ಎಂದಾಗ ಹಣೆಗೆ ಬೊಟ್ಟಿಟ್ಟ ಅಜ್ಜಿ ಬಂದರು. ‘ಮುಸ್ಲಿಂ ಅಜ್ಜಿ’ ಎಂದಾಗ ಕಪ್ಪು ಬುರ್ಖಾ, ಕಿಟಕಿಯ ಹೊರಗೆ ಮರಳುಗಾಡು, ಗುಮ್ಮಟ. ಪುತ್ತೂರಲ್ಲಿ ಮರಳುಗಾಡು! ‘ಬೊಟ್ಟು ಬೇಡ’ ಎಂದು ಬರೆದರೂ ಬೊಟ್ಟು ಹೋಗಲಿಲ್ಲ. ಬೇಡ ಎನ್ನಲು ಹೆಸರೆತ್ತಿದರೆ ಅದೇ ಬಂದು ಕೂರುವುದುಂಟು. ಸಮುದಾಯದ ಹೆಸರು ಬಿಟ್ಟು ಕಣ್ಣಿಗೆ ಕಾಣುವುದನ್ನು ಬರೆಯಬೇಕು: ತಲೆಯ ಮೇಲೆ ಬಿಳಿ ಹತ್ತಿಯ ಬಟ್ಟೆ, ಉದ್ದ ತೋಳಿನ ರವಿಕೆ, ಹೆಂಚಿನ ಮಾಡು, ಅಂಗಳದಲ್ಲಿ ಅಡಿಕೆ ಮರ.

ಅಷ್ಟರಲ್ಲಿ ಫೋನಿನಲ್ಲಿ ಅಜ್ಜಿಯೇ ಸಿಕ್ಕರು. ‘ನನ್ನ ಮುಖ ಎಲ್ಲ ಬರೆಸಬೇಡಿ’ ಅಂದರು. ಚಿತ್ರದಲ್ಲಿ ಮುಖ ಬೇಡ ಎನ್ನುವ ಮನೆಗಳು ನಮ್ಮಲ್ಲಿ ಇವೆ. ಅಂಥವರು ಮಗುವನ್ನೂ ಹಿಂದಿನಿಂದಲೇ ಬರೆಸಬಹುದು, ಗುಂಗುರು ಕೂದಲು, ಕ್ಲಿಪ್, ಫ್ರಾಕ್ ಸಾಕು, ಫೋಟೋವೇ ಬೇಕಾಗದು. ಆರನೇ ಪುಟದ ಸೂಚನೆ ಕೊನೆಗೆ ಹೀಗೆ ನಿಂತಿತು:

‘ಹೆಂಚಿನ ಮನೆಯ ಒಳಗೆ, ನಸುಕಿನ ನೀಲಿ ಬೆಳಕು. ಹುಡುಗಿ ಚಾಪೆಯ ಮೇಲೆ ಮಗ್ಗುಲಾಗಿ, ಕಣ್ಣು ಮುಚ್ಚಿ ಮಲಗಿದ್ದಾಳೆ. ಚಿತ್ರದ ಅಂಚಿನಿಂದ ವಯಸ್ಸಾದ ಒಂದು ಕೈ, ಎರಡು ತೆಳ್ಳಗಿನ ಬಂಗಾರದ ಬಳೆ, ಅವಳ ಭುಜದ ತನಕ ಕಂಬಳಿ ಎಳೆಯುತ್ತಿದೆ.’

ಕನ್ನಡ ಅಕ್ಷರವನ್ನು ಮಾತ್ರ ಚಿತ್ರದೊಳಗೆ ಬರೆಸಲಿಲ್ಲ. ‘ಕಬಕ ಪುತ್ತೂರು’ ಎಂಬ ಬೋರ್ಡ್ ಕೇಳಿದ್ದಕ್ಕೆ ಒತ್ತಕ್ಷರ ಎಲ್ಲೆಲ್ಲೋ ಅಂಟಿದ, ಯಾವ ಲಿಪಿಯೋ ತಿಳಿಯದ ಬೋರ್ಡ್ ಬಂದಿತ್ತು. ಹಳದಿ ಬೋರ್ಡ್ ಖಾಲಿ ಬಿಡಿಸಿ, ಕಥೆಯ ಸಾಲುಗಳನ್ನು ಬೇರೆ ಟೈಪ್ ಮಾಡಿ, ಚಿತ್ರದ ಕೆಳಗೆ ಹಾಕಿ, ಹೆಸರಘಟ್ಟ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿದೆವು. ಆರು ಹಾಳೆ, ಮಧ್ಯಕ್ಕೆ ಉಮ್ಮನ ಹೊಲಿಗೆ.

ನಾವು ಹೊರಡುವ ಹೊತ್ತಿಗೆ ಕುಂಞಿ ಸ್ಟೇಷನ್ನಿನ ಖಾಲಿ ಬೋರ್ಡಿನ ಮೇಲೆ ಪೆನ್ಸಿಲಿನಲ್ಲಿ ‘ಅಜ್ಜಿ’ ಅಂತ ಬರೆಯುತ್ತಿದ್ದಳು. ಜ್ಜ ಮೂರನೇ ಸಲಕ್ಕೆ ಸರಿಯಾಯಿತು.