ಜಾಯ್‌ಕಾನ್ ಡ್ರಿಫ್ಟ್‌ಗೆ ಅಯಸ್ಕಾಂತದ ಮದ್ದು

2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನಲ್ಲಿ ಬೆರಳು ತಾಕದಿದ್ದರೂ ಆಟದ ಪಾತ್ರ ತಾನಾಗಿ ನಡೆಯತೊಡಗಿದರೆ, ಜಾಯ್‌ಕಾನ್‌ನ ಸ್ಟಿಕ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಒಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ಪುಟ್ಟ ನಾಲಗೆ ಉಜ್ಜುತ್ತಲೇ ಇರುತ್ತದೆ; ಪಟ್ಟಿ ಸವೆದಂತೆ ಅಳತೆ ತಪ್ಪುತ್ತದೆ.

ಹಾಲ್ ಎಫೆಕ್ಟ್ ಸ್ಟಿಕ್ಕಿನಲ್ಲಿ ಆ ಉಜ್ಜಾಟವಿಲ್ಲ. ಅಯಸ್ಕಾಂತ ಅಲುಗಿದ್ದನ್ನು ಸೆನ್ಸರ್ ಮುಟ್ಟದೆಯೇ ಅಳೆಯುತ್ತದೆ.

ಬದಲಿಸಲು ಹಿಂಬದಿಯ ನಾಲ್ಕು ಸ್ಕ್ರೂಗಳಿಗೆ ಟ್ರೈವಿಂಗ್ ಸ್ಕ್ರೂಡ್ರೈವರ್ ಬೇಕು. ಕವಚವನ್ನು ಪುಸ್ತಕದಂತೆ ನಿಧಾನವಾಗಿ ತೆರೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಹೆಚ್ಚಿನವರು ಎಡವುವುದು ಇದರ ಮುಂದೆ: ಸ್ಟಿಕ್ಕಿನ ತೆಳು ರಿಬ್ಬನ್ ಕೇಬಲ್ ಹಿಡಿದಿರುವ ಲಾಚ್ ಎತ್ತದೆ ಎಳೆದರೆ ಬೋರ್ಡಿನ ಸಾಕೆಟ್ಟೇ ಕಿತ್ತುಬರಬಹುದು.

ಹೊಸದನ್ನು ಕೂರಿಸಿದ ಮೇಲೆ ಸೆಟ್ಟಿಂಗ್ಸ್‌ನ Calibrate Control Sticks ಮುಗಿಸಲೇಬೇಕು. ಸ್ಟಿಕ್ ಸ್ಪಂದಿಸದಿದ್ದರೆ ರಿಬ್ಬನ್ ಸರಿಯಾಗಿ ಕೂತಿದೆಯೇ ಎಂದು ಮೊದಲು ನೋಡಿ.